ಬೇರು ಬಿಡಿಸುವ ಕೆಲಸ: ಕೈಜೆನ್, ನೆಮವಾಶಿ, ಹನ್ಸೇ ಪದಗಳ ನಿಜವಾದ ಅರ್ಥ

[ದೃಶ್ಯ: ಕಾರ್ಖಾನೆಯ ಟ್ರೈನಿಂಗ್ ರೂಮ್. ಗೋಡೆ ಮೇಲೆ ಮೂರು ಬೋರ್ಡ್.]

ನಮಸ್ಕಾರ. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ 1999ರಲ್ಲಿ ಕಾರು ತಯಾರಿಸಲು ಶುರು ಮಾಡಿತು. ನೀವು ಅಂಥ ವಾಹನ ಅಥವಾ ಬಿಡಿಭಾಗದ ಕಾರ್ಖಾನೆಗೆ ಸೇರಿದರೆ ಮೊದಲ ವಾರದ ಟ್ರೈನಿಂಗಿನಲ್ಲೇ ಕೈಜೆನ್ ಅನ್ನೋ ಜಪಾನಿ ಪದ ಕೇಳಿರುತ್ತೀರಿ. ನೆಮವಾಶಿ, ಹನ್ಸೇ ಆಮೇಲೆ ಬರುತ್ತವೆ. ‘ಸುಧಾರಣೆ, ಒಮ್ಮತ, ಆತ್ಮಾವಲೋಕನ’ ಅಂತ ಬರೆದುಕೊಂಡು ಮುಂದೆ ಹೋಗುತ್ತೇವೆ. ಆದರೆ ಕೆಲಸ ಹೇಗೆ ಮಾಡಬೇಕು ಅನ್ನೋದು ಆ ಪದಗಳ ಒಳಗೇ ಇದೆ.

ಕೈಜೆನ್ ಸುಲಭ. ‘ಕೈ’ ಅಂದರೆ ಬದಲಿಸು, ‘ಜೆನ್’ ಅಂದರೆ ಒಳ್ಳೆಯದು. ಇದು ಬೌದ್ಧ ಧರ್ಮದ ಜೆನ್ ಅಲ್ಲ, ಅದರ ಅಕ್ಷರವೇ ಬೇರೆ. ಜಪಾನಿನಲ್ಲಿ ಇದು ದಿನಬಳಕೆಯ ಮಾತು.

[ದೃಶ್ಯ: ತೋಟ. ದೊಡ್ಡ ಮರದ ಸುತ್ತ ಅಗೆಯುತ್ತಿರುವ ಮಾಲಿ.]

ನೆಮವಾಶಿ ನನಗೆ ಬಹಳ ಇಷ್ಟದ ಪದ. ‘ನೆ’ ಅಂದರೆ ಬೇರು, ‘ಮವಾಶಿ’ ಅಂದರೆ ಸುತ್ತುವುದು. ಇದು ಜಪಾನಿನ ತೋಟದವರ ಮಾತು. ಹಳೆಯ ಮರವನ್ನು ಬೇರೆ ಕಡೆ ನೆಡಬೇಕು ಅಂತಿಟ್ಟುಕೊಳ್ಳಿ. ನೀರು ಹೀರುವ ಸಣ್ಣ ಬೇರುಗಳು ಕಾಂಡದಿಂದ ದೂರ ಹರಡಿರುತ್ತವೆ. ಸೀದಾ ಕಡಿದು ಎತ್ತಿದರೆ ಆ ಬೇರುಗಳು ಹಳೇ ಜಾಗದಲ್ಲೇ ಉಳಿದುಬಿಡುತ್ತವೆ. ಮರ ಒಣಗುತ್ತದೆ.

ಅದಕ್ಕೆ ಮಾಲಿ ಮೊದಲೇ ಮರದ ಸುತ್ತ ಕಾಲುವೆ ತೋಡುತ್ತಾನೆ. ಒಳಗೆ ಉಳಿಯುವ ಮಣ್ಣಿನ ಉಂಡೆ ಕಾಂಡದ ದಪ್ಪಕ್ಕಿಂತ ನಾಲ್ಕೈದು ಪಟ್ಟು ಅಗಲ ಇರುತ್ತದೆ. ಮೂರು ನಾಲ್ಕು ದಪ್ಪ ಬೇರನ್ನು ಮರ ಬೀಳದಂತೆ ಉಳಿಸಿಕೊಂಡು, ಉಳಿದವನ್ನು ಕತ್ತರಿಸುತ್ತಾನೆ. ಉಳಿಸಿದ ಬೇರಿನ ತೊಗಟೆಯನ್ನು ಉಂಗುರದ ಹಾಗೆ ಸುಲಿಯುತ್ತಾನೆ. ನಮ್ಮಲ್ಲಿ ದಾಳಿಂಬೆಗೆ ಗೂಟಿ ಕಟ್ಟುತ್ತಾರಲ್ವಾ, ಅದೇ ಲೆಕ್ಕ. ಎಲೆಯಿಂದ ಇಳಿಯುವ ಆಹಾರ ಸುಲಿದ ಕಡೆ ನಿಲ್ಲುತ್ತದೆ, ಅಲ್ಲೇ ಹೊಸ ಬೇರು ಒಡೆಯುತ್ತದೆ. ಆಮೇಲೆ ಮಣ್ಣು ಮುಚ್ಚಿ ಕಾಯುತ್ತಾನೆ. ದೊಡ್ಡ ಮರಕ್ಕೆ ಒಂದೆರಡು ವರ್ಷವೂ ಹಿಡಿಯಬಹುದು.

ನೆಮವಾಶಿ ಅಂದರೆ ಮೀಟಿಂಗಿಗೆ ಮುಂಚೆ ಎಲ್ಲರನ್ನೂ ಒಪ್ಪಿಸುವುದು ಅಂದುಕೊಳ್ಳುತ್ತೇವೆ. ಆದರೆ ತೋಟದಲ್ಲಿ ಆ ಮಾತೇ ಇಲ್ಲ ನೋಡಿ. ಇರುವುದು ಕಡಿಯುವುದು, ಕಾಯುವುದು, ಹೊಸ ಬೇರು ಬರಿಸುವುದು.

[ದೃಶ್ಯ: ಅಸೆಂಬ್ಲಿ ಲೈನ್. ಬೋಲ್ಟ್ ರ‍್ಯಾಕ್‌ಗೆ ನಡೆದು ಹೋಗುವ ಆಪರೇಟರ್.]

ಕಾರ್ಖಾನೆಗೆ ಬರೋಣ. ಒಬ್ಬ ಆಪರೇಟರ್ ಪ್ರತಿ ಪೀಸಿಗೂ ಬೋಲ್ಟ್ ತರಲು ನಾಲ್ಕು ಹೆಜ್ಜೆ ಹೋಗಿ ನಾಲ್ಕು ಹೆಜ್ಜೆ ಬರುತ್ತಾನೆ ಅನ್ನಿ. ಶಿಫ್ಟಿಗೆ 400 ಪೀಸ್ ಅಂದರೆ 3,200 ಹೆಜ್ಜೆ, ಎರಡು ಕಿಲೋಮೀಟರಿಗಿಂತ ಜಾಸ್ತಿ. ರ‍್ಯಾಕನ್ನು ಅವನ ಕೈಗೆ ಸಿಗುವಂತೆ ತರುವುದು ಕೈಜೆನ್.

ಅದಕ್ಕೂ ಮುಂಚೆ ನೆಮವಾಶಿ. ಸೂಪರ್‌ವೈಸರ್ ಒಂದು ಎ3 ಹಾಳೆಯಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆದು ಹೊರಡುತ್ತಾನೆ. ಮೇಂಟೆನೆನ್ಸ್‌ನವರು ‘ಅಲ್ಲಿಟ್ಟರೆ ಪ್ಯಾನೆಲ್ ಬಾಗಿಲು ತೆಗೆಯೋಕಾಗಲ್ಲ’ ಅನ್ನುತ್ತಾರೆ. ರ‍್ಯಾಕ್ ಒಂದಡಿ ಸರಿಯುತ್ತದೆ. ಸ್ಟೋರ್‌ನಿಂದ ಟ್ರಾಲಿ ತರುವವನು ‘ಹಿಂದಿನಿಂದ ತುಂಬೋಕೆ ಜಾಗ ಬೇಕು’ ಅನ್ನುತ್ತಾನೆ. ಎರಡನೇ ಶಿಫ್ಟಿನ ಆಪರೇಟರ್ ಗಿಡ್ಡ, ಎತ್ತರ ಇಳಿಯುತ್ತದೆ. ಹೀಗೆ ಒಂದು ವಾರ ಹೋಗುತ್ತದೆ. ಆದರೆ ರ‍್ಯಾಕ್ ಸರಿಸಿದ ದಿನ ಯಾರೂ ಅಡ್ಡ ಬರುವುದಿಲ್ಲ.

ನೆಮವಾಶಿ ಆಗಿದೆಯೋ ಇಲ್ಲವೋ ಅಂತ ತಿಳಿಯಲು ಮೊದಲ ಹಾಳೆ, ಕೊನೆಯ ಹಾಳೆ ಪಕ್ಕದಲ್ಲಿಡಿ. ಎರಡೂ ಒಂದೇ ಥರ ಇದ್ದರೆ, ಸುಮ್ನೆ ಸುದ್ದಿ ಮುಟ್ಟಿಸಿದ್ದೀರಿ ಅಷ್ಟೇ. ಜಪಾನಿನಲ್ಲೂ ಈ ಪದಕ್ಕೆ ತೆರೆಮರೆಯ ಲಾಬಿ ಅನ್ನೋ ಛಾಯೆ ಇದೆ. ಹಾಳೆ ಬದಲಾಗದೆ ಬರೀ ಒಪ್ಪಿಗೆ ಬಂದರೆ ಆಗುವುದು ಅದೇ.

[ದೃಶ್ಯ: ಪಕ್ಕಪಕ್ಕದಲ್ಲಿ ಎರಡು ಬೋಲ್ಟ್ ಡಬ್ಬ.]

ರ‍್ಯಾಕ್ ಸರಿಸಿ ಒಂದು ವಾರದ ನಂತರ ಹನ್ಸೇ. ‘ಹನ್’ ಅಂದರೆ ಹಿಂತಿರುಗು, ‘ಸೇ’ ಅಂದರೆ ತನ್ನನ್ನೇ ಪರೀಕ್ಷಿಸಿ ನೋಡು. ಜಪಾನಿನ ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳಿಂದ ‘ಹನ್ಸೇಬುನ್’ ಅನ್ನೋ ಬರಹ ಬರೆಸುತ್ತಾರೆ. ಹಾಗಾಗಿ ಪದದಲ್ಲಿ ಸ್ವಲ್ಪ ಬೈಗುಳದ ವಾಸನೆ ಇದೆ. ಆದರೆ ಕೆಲಸದಲ್ಲಿ, ಎಲ್ಲಾ ಚೆನ್ನಾಗಿ ನಡೆದರೂ ಹನ್ಸೇ ಮಾಡುತ್ತಾರೆ.

ನಮ್ಮ ರ‍್ಯಾಕಿನಿಂದ ನಡಿಗೆ ನಿಂತಿತು. ಆದರೆ ಉದ್ದದ ಬೋಲ್ಟ್ ಹಾಕುವ ಜಾಗಕ್ಕೆ ಎರಡು ಸಲ ಗಿಡ್ಡದ್ದು ಬಿತ್ತು. ಸೂಪರ್‌ವೈಸರ್ ‘ಬೋಲ್ಟ್‌ಗಳು ಬೆರೆತವು’ ಅಂತ ಬರೆದರೆ ಅದು ವರದಿ. ‘ಆಪರೇಟರ್ ಗಮನ ಕೊಡಲಿಲ್ಲ’ ಅಂದರೆ ದೂರು. ಹನ್ಸೇಯಲ್ಲಿ ವಾಕ್ಯ ಹೀಗಿರುತ್ತದೆ: ‘ಒಂದೇ ಥರ ಕಾಣುವ ಎರಡು ಡಬ್ಬವನ್ನು ನಾನು ಪಕ್ಕಪಕ್ಕ ಇಟ್ಟೆ. ಕ್ವಾಲಿಟಿಯವರ ಹತ್ತಿರ ನಾನು ಹೋಗಲೇ ಇಲ್ಲ.’

ಒಂದು ಬೇರು ಬಿಟ್ಟುಹೋಗಿತ್ತು, ಅಲ್ವಾ? ಈಗ ಅವನು ಉದ್ದದ ಬೋಲ್ಟನ್ನು ಮೇಲಿನ ಸಾಲಿಗೆ, ಕೆಂಪು ಡಬ್ಬಕ್ಕೆ ಹಾಕುವ ನಕ್ಷೆ ಬರೆಯುತ್ತಾನೆ. ಇನ್ನೂ ಡಬ್ಬ ಮುಟ್ಟಿಲ್ಲ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಹಾಳೆ ಹಿಡಿದು ಮೊದಲು ಕ್ವಾಲಿಟಿಯವರ ಟೇಬಲ್ಲಿಗೆ ಹೋಗುತ್ತಾನೆ.