ಹೂಂ ಅಂದ್ರೆ ಒಪ್ಪಿಗೆ ಅಲ್ಲ

ಎಲ್ರಿಗೂ ನಮಸ್ಕಾರ. ನಂಗೆ ಮೂವತ್ತು ನಿಮಿಷ ಅಂದಿದ್ರು, ನನಗಿಂತ ಮುಂಚೆ ಮಾತಾಡಿದವರು ಅದ್ರಲ್ಲಿ ಎಂಟು ನಿಮಿಷ ನುಂಗಿದಾರೆ, ಇರ್ಲಿ, ಚರ್ಚೆ ರೆಕಾರ್ಡಿಂಗ್ ಕೇಳಿ ಕೇಳಿ ಅಭ್ಯಾಸ ಆಗಿರೋರಿಗೆ ಇದೇನೂ ಹೊಸದಲ್ಲ. ಇಲ್ಲಿ ಕೂತಿರೋರೆಲ್ಲ ಒಂದಲ್ಲ ಒಂದು ಸಲ ಈ ಕೆಲಸ ಮಾಡಿದೋರೇ. ನಾಲ್ಕು ಜನ ಕಿತ್ತಾಡಿರೋ ಒಂದೂವರೆ ಗಂಟೆ ಆಡಿಯೋನ ಕೈಗೆ ಕೊಟ್ಟು, ಯಾರು ಏನಂದ್ರು, ಎಲ್ಲಿ ಒಪ್ಕೊಂಡ್ರು, ಎರಡು ಪುಟದಲ್ಲಿ ಬರ್ಕೊಡಿ ಅಂತಾರಲ್ಲ, ಆ ಕೆಲಸ.

ನಂದು ಇವತ್ತು ಒಂದೇ ತಕರಾರು. ಯಾರು ಏನು ವಾದ ಮಾಡಿದ್ರು ಅನ್ನೋದನ್ನ ನಾವೆಲ್ಲ ತಕ್ಕಮಟ್ಟಿಗೆ ಸರಿಯಾಗೇ ಬರೀತೀವಿ. ಕೆಳಗೆ "ಒಮ್ಮತದ ಅಂಶಗಳು" ಅಂತ ಒಂದು ತಲೆಬರಹ ಹಾಕ್ತೀವಲ್ಲ, ಅಲ್ಲಿ ಎಡವ್ತೀವಿ. ನಾನು ಎಡವಿದ್ದನ್ನೇ ಹೇಳ್ತೀನಿ ಕೇಳಿ.

ಒಂದು ಮಾರ್ಕೆಟ್ ರಸ್ತೇಲಿ ಗಾಡಿ ಓಡಾಟ ನಿಲ್ಲಿಸಿ ನಡೆಯೋರಿಗೆ ಬಿಟ್ಕೊಡಬೇಕಾ ಅಂತ ಚರ್ಚೆ. ಅಂಗಡಿಯವರ ಪರವಾಗಿ ಒಬ್ರು, ಅಲ್ಲೇ ಮೇಲಿನ ಮನೆಗಳಲ್ಲಿ ಇರೋರ ಪರವಾಗಿ ಒಬ್ರು, ಸೈಕಲ್ ಗುಂಪಿನವರು ಒಬ್ರು, ಆಂಬುಲೆನ್ಸ್ ಓಡಿಸೋರು ಒಬ್ರು. ಒಂದು ಗಂಟೆ ನಲವತ್ತು ನಿಮಿಷದ ರೆಕಾರ್ಡಿಂಗ್. ನಲವತ್ತೊಂದನೇ ನಿಮಿಷದಲ್ಲಿ ಸೈಕಲ್‌ನವರು, ಮೂರು ತಿಂಗಳು ಟ್ರಯಲ್ ಮಾಡಿ ನೋಡೋಣ ಸಾರ್, ಆಗ್ಲಿಲ್ಲ ಅಂದ್ರೆ ವಾಪಸ್ ತಗೊಳ್ಳೋಣ ಅಂತಾರೆ. ಅಂಗಡಿಯವರು ಮಧ್ಯಮಧ್ಯ "ಹೂಂ... ಹೂಂ..." ಅಂತಿದಾರೆ. ಕೊನೇಗೆ "ಆಯ್ತು, ಮೂರು ತಿಂಗಳು ಅಂತಾನೇ ಇಟ್ಕೊಳ್ಳಿ" ಅಂದ್ರು. ಅಷ್ಟರಲ್ಲಿ ಇನ್ಯಾರೋ ಬಾಯಿ ಹಾಕಿದ್ರು, ಗದ್ದಲ ಆಯ್ತು. ನಾನು ಖುಷಿಯಾಗಿ ಬರ್ದೆ: "ಮೂರು ತಿಂಗಳ ಪ್ರಾಯೋಗಿಕ ಜಾರಿಗೆ ಎಲ್ಲರೂ ಒಪ್ಪಿದರು."

ಮಾರನೇ ದಿನ ಫೋನು. "ಯಾರ್ರೀ ಒಪ್ಪಿದ್ದು? ನಾನು ಹೂಂ ಅಂದಿದ್ದು ನೀವು ಮುಂದೆ ಹೇಳಿ ಅಂತ. ಇಟ್ಕೊಳ್ಳಿ ಅಂದಿದ್ದು ವಾದಕ್ಕೋಸ್ಕರ. ಪೂರ್ತಿ ಕೇಳಿದೀರಾ ಇಲ್ವಾ?" ಅವರು ಬೈದಿದ್ದನ್ನ ಪೂರ್ತಿ ಹೇಳಲ್ಲ, ಅದಕ್ಕೂ ಒಂದು ತಟಸ್ಥ ಸಾರಾಂಶ ಬರೀಬೇಕಾಗತ್ತೆ.

ಹೆಡ್‌ಫೋನ್ ಹಾಕ್ಕೊಂಡು ಮತ್ತೆ ಕೇಳ್ದೆ. ಗದ್ದಲದ ಕೆಳಗೆ ಸಣ್ಣಗೆ ಅವರ ವಾಕ್ಯ ಮುಂದುವರೆದಿತ್ತು: "ಆಯ್ತು, ಮೂರು ತಿಂಗಳು ಅಂತಾನೇ ಇಟ್ಕೊಳ್ಳಿ, ಆ ಮೂರು ತಿಂಗಳು ಮಾಲು ಎಲ್ಲಿ ಇಳಿಸೋದು?" ಅದು ಒಪ್ಪಿಗೆ ಅಲ್ಲ, ಆಕ್ಷೇಪಣೆ! ಅಲ್ಲಿಂದ ಮುಂದೆ ಎಪ್ಪತ್ಮೂರನೇ ನಿಮಿಷದಲ್ಲಿ ಅವರೇ, ಬೆಳಗ್ಗೆ ಎಂಟರವರೆಗೆ ಲಾರಿ ಬಿಟ್ರೆ ಯೋಚನೆ ಮಾಡಬಹುದು ಅಂತಾರೆ. ಗಮನಿಸಿ, ಒಪ್ತೀನಿ ಅಂದಿಲ್ಲ, ಯೋಚನೆ ಮಾಡಬಹುದು. ತಕ್ಷಣ ಮೇಲಿನ ಮನೆಯವರು, ಬೆಳಗಿನ ಜಾವ ಲಾರಿ ಬಂದ್ರೆ ನಮಗೆ ನಿದ್ದೆ ಬೇಡ್ವಾ ಅಂತಾರೆ. ನಾನು "ಎಲ್ಲರೂ ಒಪ್ಪಿದರು" ಅಂತ ಬರೆದ ಜಾಗದಲ್ಲಿ ನಿಜವಾಗಿ ಇದ್ದಿದ್ದು ಒಬ್ಬರ ಪ್ರಸ್ತಾಪ, ಇನ್ನೊಬ್ಬರ ಷರತ್ತು, ಆ ಷರತ್ತಿಗೆ ಮೂರನೆಯವರ ವಿರೋಧ.

ನಮ್ಮ ಭಾಷೇಲಿ ಈ ಹೂಂ ಅನ್ನೋದು ಎಷ್ಟು ಕೆಲಸ ಮಾಡತ್ತೆ ನೋಡಿ. ಕೇಳಿಸ್ಕೊಳ್ತಿದೀನಿ ಅನ್ನೋಕೂ ಹೂಂ, ಸಾಕು ಮುಗಿಸಿ ಅನ್ನೋಕೂ ಹೂಂ. ಕಥೆ ಕೇಳೋ ಮಗು ಹೂಂಗುಟ್ಟತ್ತಲ್ಲ, ಅದೇನು ರಾಕ್ಷಸನ ವಾದ ಒಪ್ಕೊಂಡಿರತ್ತಾ? "ಸರಿ ಸರಿ", "ಆಯ್ತು ಬಿಡಿ", ಇವೂ ಅಷ್ಟೇ. ಆಯ್ತು ಬಿಡಿ ಅಂದ್ರೆ ಹತ್ರಲ್ಲಿ ಎಂಟು ಸಲ ನಿಮ್ಜೊತೆ ಮಾತಾಡಿ ಪ್ರಯೋಜನ ಇಲ್ಲ ಅಂತ. ಈ ಲೆಕ್ಕ ನನ್ನ ಅಂದಾಜು, ಯಾರೂ ಬರ್ಕೋಬೇಡಿ.

ಇನ್ನೊಂದು ಅಪಾಯ ಕನ್ನಡದ ವಾಕ್ಯದಲ್ಲೇ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೇಗೆ ಬರತ್ತೆ, ಇಲ್ಲ, ಬೇಡ, ಅಲ್ಲ ಅನ್ನೋದೂ ಕೊನೇಗೇ ಬರತ್ತೆ. ಚರ್ಚೇಲಿ ಜನ ಬಾಯಿ ಹಾಕೋದೂ ವಾಕ್ಯದ ಕೊನೇಗೇ. "ನಾವು ಇದನ್ನ ಪೂರ್ತಿಯಾಗಿ ಒಪ್ಪ..." ಅನ್ನೋವಷ್ಟರಲ್ಲಿ ಇನ್ನೊಬ್ರು ಶುರು. ಒಪ್ತೀವಿ ಅಂದ್ರಾ, ಒಪ್ಪಲ್ಲ ಅಂದ್ರಾ? ಆಟೋಮ್ಯಾಟಿಕ್ ಆಗಿ ಬರೋ ಸಬ್‌ಟೈಟಲ್ ಇಂಥ ಕಡೆ ತನಗೆ ತೋಚಿದ್ದನ್ನ ಹಾಕಿ ಮುಂದೆ ಹೋಗ್ಬಿಡಬಹುದು, ನೋಡೋಕೆ ವಾಕ್ಯ ನೀಟಾಗೇ ಇರತ್ತೆ. ಅದಕ್ಕೆ ನಾನು ಇಬ್ರು ಒಟ್ಟಿಗೆ ಮಾತಾಡಿರೋ ಜಾಗ ಎಲ್ಲ ಗುರುತು ಹಾಕ್ಕೊಂಡು ಅಷ್ಟನ್ನ ಮಾತ್ರ ನಿಧಾನದ ಸ್ಪೀಡಲ್ಲಿ ಮತ್ತೆ ಕೇಳ್ತೀನಿ. ಆಗ್ಲೂ ಗೊತ್ತಾಗ್ಲಿಲ್ಲ ಅಂದ್ರೆ "ಕೇಳಿಸಲಿಲ್ಲ" ಅಂತ ನಿಮಿಷದ ಸಮೇತ ಬರೀತೀನಿ. ಊಹೆ ಮಾಡಲ್ಲ. ಮುಂದೆ ಅದೇ ಮನುಷ್ಯ ಅದೇ ಮಾತನ್ನ ಬೇರೆ ಥರ ಹೇಳಿರ್ತಾರೆ, ಹುಡುಕಿದ್ರೆ ಸಿಗಬಹುದು.

ಈಗ ಕೆಲಸ ಮಾಡೋ ರೀತಿ. ಮೊದಲನೇ ಸಲ ಏನೂ ಬರೀದೆ ಪೂರ್ತಿ ಕೇಳ್ಬೇಕು, ಇದನ್ನ ಯಾರೂ ಮಾಡಲ್ಲ, ನಾನೂ ಮಾಡ್ತಿರ್ಲಿಲ್ಲ. ಎರಡನೇ ಸಲ ಕೇಳುವಾಗ ಒಂದು ಟೇಬಲ್: ಎಷ್ಟನೇ ನಿಮಿಷ, ಯಾರು, ಏನು ಹೇಳಿದ್ರು, ಅದಕ್ಕೆ ಕೊಟ್ಟ ಕಾರಣ ಏನು, ಯಾರ ಮಾತಿಗೆ ಉತ್ತರ. ಕೊನೇ ಕಾಲಮ್ಮೇ ಜೀವ. ಒಬ್ರು ಹೇಳಿದ್ದಕ್ಕೆ ಯಾರೂ ಉತ್ತರಾನೇ ಕೊಟ್ಟಿಲ್ಲ ಅಂದ್ರೆ ಆ ಖಾನೆ ಖಾಲಿ ಇರತ್ತೆ, ಆ ಖಾಲಿಯನ್ನ ನಾವು ಒಪ್ಪಿಗೆ ಅಂತ ಓದ್ಬಿಡ್ತೀವಿ. ಮೌನಂ ಸಮ್ಮತಿ ಲಕ್ಷಣಂ ಅನ್ನೋ ಮಾತನ್ನ ಈ ಕೆಲಸದಿಂದ ಆಚೆ ಇಡಿ ದಯವಿಟ್ಟು. ಉತ್ತರ ಬಂದಿಲ್ಲ ಅಂದ್ರೆ "ಇದಕ್ಕೆ ಉಳಿದವರು ಪ್ರತಿಕ್ರಿಯಿಸಲಿಲ್ಲ" ಅಂತ ಬರೆದ್ರೆ ಮುಗೀತು.

ನಮ್ಮ ರಸ್ತೆ ಚರ್ಚೆಯ ಟೇಬಲ್ ಹಾಕಿದಾಗ ಇನ್ನೊಂದು ವಿಷಯ ಗೊತ್ತಾಯ್ತು. ನಾನು ಮೊದಲು ಪರ, ವಿರೋಧ ಅಂತ ಎರಡೇ ಪೆಟ್ಟಿಗೆ ಮಾಡಿ ಅಂಗಡಿಯವರನ್ನೂ ಆಂಬುಲೆನ್ಸ್‌ನವರನ್ನೂ ವಿರೋಧದ ಪೆಟ್ಟಿಗೆಗೆ ತುಂಬಿದ್ದೆ. ಆದ್ರೆ ಆಂಬುಲೆನ್ಸ್‌ನವರು ಗಾಡಿ ನಿಲ್ಲಿಸೋದಕ್ಕೆ ವಿರೋಧಾನೇ ಹೇಳಿಲ್ಲ, ಅವರು ಹೇಳಿದ್ದು ರಸ್ತೆಗೆ ಅಡ್ಡ ಕಂಬ ನೆಟ್ರೆ ನಾವು ಒಳಗೆ ಹೇಗೆ ಹೋಗೋದು ಅಂತ. ಎತ್ತಿಡೋಕೆ ಬರೋ ತಡೆ ಹಾಕಿ ಅಂದ್ರು, ಅದಕ್ಕೆ ಅಂಗಡಿಯವರು "ಅದು ಬೇಕೇ ಬೇಕು" ಅಂದ್ರು, ಸೈಕಲ್‌ನವರು "ನಾವೂ ಅದನ್ನೇ ಕೇಳ್ತಿರೋದು" ಅಂದ್ರು, ಮನೆಯವರು ಅವರಮ್ಮನಿಗೆ ಒಂದು ರಾತ್ರಿ ಹುಷಾರಿಲ್ದಾಗ ಆದ ಕಷ್ಟ ಹೇಳಿ ತಡೆ ಎತ್ತೋ ಹಾಗಿರ್ಲೇಬೇಕು ಅಂದ್ರು. ನಾಲ್ಕು ಜನ, ನಾಲ್ಕೂ ಬಾಯಲ್ಲಿ. ಇದು ಒಮ್ಮತ! ಮೊದಲನೇ ಸಾರಾಂಶದಲ್ಲಿ ಇದನ್ನ ಬರ್ದೇ ಇರ್ಲಿಲ್ಲ ನಾನು, ಯಾಕಂದ್ರೆ ಅಲ್ಲಿ ಜಗಳ ಇರ್ಲಿಲ್ಲ, ಜಗಳ ಇಲ್ದಿರೋ ಜಾಗ ಕಿವಿಗೆ ಬೀಳಲ್ಲ. ಸುಳ್ಳು ಒಪ್ಪಿಗೆ ಬರ್ದೆ, ನಿಜವಾದ ಒಪ್ಪಿಗೆ ಬಿಟ್ಟೆ.

ಬದಲಿಗೆ "ಜನರ ಸುರಕ್ಷತೆ ಮುಖ್ಯ ಎಂಬುದರಲ್ಲಿ ಎಲ್ಲರಿಗೂ ಸಹಮತವಿದೆ" ಅಂತ ಒಂದು ಸಾಲು ಜೋಡಿಸಿದ್ದೆ. ಸುರಕ್ಷತೆ ಬೇಡ ಅನ್ನೋರು ಯಾರಿದಾರೆ ಹೇಳಿ? ಇಂಥ ಸಾಲಿಗೆ ನಾನೊಂದು ಪರೀಕ್ಷೆ ಇಟ್ಕೊಂಡಿದೀನಿ, ಇದರ ಉಲ್ಟಾನ ಯಾರಾದ್ರೂ ಗಂಭೀರವಾಗಿ ವಾದಿಸ್ತಾರಾ? ಇಲ್ಲ ಅಂದ್ರೆ ಸಾಲು ಹೊಡೆದುಹಾಕು. ಎತ್ತಿಡೋ ತಡೆ ಬೇಡ, ಕಾಂಕ್ರೀಟ್ ಕಂಬಾನೇ ಇರ್ಲಿ ಅಂತ ಯಾರಾದ್ರೂ ವಾದಿಸಬಹುದು, ಹಾಗಾಗಿ ಆ ಒಪ್ಪಿಗೆಗೆ ತೂಕ ಇದೆ.

ಕೊನೇಗೆ ತಿದ್ದಿ ಬರೆದಿದ್ದು ಹೀಗೆ, ಓದ್ತೀನಿ: "ತುರ್ತು ವಾಹನ ಬಂದಾಗ ಎತ್ತಿಡಬಹುದಾದ ತಡೆ ಇರಬೇಕು ಎಂದು ನಾಲ್ವರೂ ಹೇಳಿದರು. ಮೂರು ತಿಂಗಳ ಪ್ರಯೋಗವನ್ನು ಸೈಕಲ್ ಗುಂಪು ಪ್ರಸ್ತಾಪಿಸಿತು. ಬೆಳಿಗ್ಗೆ ಎಂಟರವರೆಗೆ ಸರಕು ವಾಹನಗಳನ್ನು ಬಿಟ್ಟರೆ ಇದನ್ನು ಯೋಚಿಸಬಹುದು ಎಂದು ಅಂಗಡಿಯವರು ಹೇಳಿದರು. ಆ ಹೊತ್ತಿಗೆ ಲಾರಿ ಬರುವುದನ್ನು ನಿವಾಸಿಗಳು ವಿರೋಧಿಸಿದರು. ಈ ವಿಷಯ ಇತ್ಯರ್ಥವಾಗಲಿಲ್ಲ." ಸಪ್ಪೆಯಾಗಿದೆ ಅಂತೀರಾ? ಸಪ್ಪೇನೇ ಇರ್ಬೇಕು.

ಪದಗಳ ವಿಷಯ. "ಅಂಗಡಿಯವರಿಗೆ ವ್ಯಾಪಾರ ಕಮ್ಮಿ ಆಗತ್ತಂತೆ" ಅಂತ ಬರೀರಿ, ಆ "ಅಂತೆ" ಒಂದರಲ್ಲೇ ನಾನು ನಂಬಲ್ಲ ಅನ್ನೋ ದನಿ ಬಂತು. "ಕಮ್ಮಿಯಾಗುತ್ತದೆ ಎಂದು ಸ್ಪಷ್ಟಪಡಿಸಿದರು" ಅಂತ ಬರೀರಿ, ಅದು ನಿಜ ಅಂತ ನೀವೇ ಸಹಿ ಹಾಕಿದ ಹಾಗೆ. ಒಬ್ರು "ತಿಳಿಸಿದರು", ಇನ್ನೊಬ್ರು "ಆರೋಪಿಸಿದರು", ಮತ್ತೊಬ್ರು "ಸಮರ್ಥಿಸಿಕೊಂಡರು" ಅಂದ್ರೆ ಮೂರನೆಯವರು ಆಗ್ಲೇ ಕಟಕಟೇಲಿ ನಿಂತಿದಾರೆ. ನಾಲ್ವರಿಗೂ "ಹೇಳಿದರು" ಅಂತಾನೇ ಹಾಕಿ, ಬೋರ್ ಹೊಡೆದ್ರೆ ಹೊಡೀಲಿ. "ಒಪ್ಪಿಕೊಂಡರು" ಅನ್ನೋದಂತೂ ತಪ್ಪೊಪ್ಪಿಗೆ ಥರ ಕೇಳ್ಸತ್ತೆ, ನೋಡಿ ಮತ್ತೆ ಒಪ್ಪಿಗೆಗೇ ಬಂದೆ.

ಚೀಟಿ ಬಂತು, ಐದು ನಿಮಿಷ ಅಂತೆ. ಈ "ಅಂತೆ" ಬೇಕಂತಲೇ ಹಾಕಿದ್ದು.

ಸರಿ, ಬೇಗ ಬೇಗ. ಕೊನೇಗೆ ಯಾರನ್ನ ಇಡ್ತೀರೋ ಅವರ ಮಾತೇ ಓದೋರ ತಲೇಲಿ ಉಳಿಯೋದು, ಹಾಗಾಗಿ ರೆಕಾರ್ಡಿಂಗಲ್ಲಿ ಯಾರು ಮೊದಲು ಮಾತಾಡಿದ್ರೋ ಅದೇ ಕ್ರಮ ಇಟ್ಟು, ಕ್ರಮ ಅದು ಅಂತ ಮೇಲೆ ಒಂದು ಸಾಲು ಹಾಕಿ. ಎಲ್ರಿಗೂ ಸಮಸಮ ಸಾಲು ಕೊಡ್ಬೇಕು ಅಂತಿಲ್ಲ, ಒಂದೇ ವಾದಾನ ಇಪ್ಪತ್ತು ನಿಮಿಷ ಎಳೆದವರಿಗೆ ಎರಡು ಸಾಲು ಸಾಕು, ನಾಲ್ಕು ನಿಮಿಷದಲ್ಲಿ ಮೂರು ಬೇರೆಬೇರೆ ಕಾರಣ ಕೊಟ್ಟೋರಿಗೆ ಆರು ಸಾಲು ಬೇಕಾಗಬಹುದು. ಅಂಕಿಸಂಖ್ಯೆ ಬಂದ್ರೆ ಹೇಳಿದವರ ಹೆಸರಿಗೇ ಕಟ್ಟಿ, ಅದು ಸರಿನಾ ತಪ್ಪಾ ಅನ್ನೋದು ಸಾರಾಂಶದೊಳಗೆ ಬರೋ ಹಾಗಿಲ್ಲ, ಬೇಕಂದ್ರೆ ಬೇರೆ ಟಿಪ್ಪಣಿ ಮಾಡಿ.

ಕೊನೇ ಮಾತು, ಬರೆದಾದ್ಮೇಲೆ ಆಯಾ ಭಾಗವನ್ನ ಆಯಾ ಪಕ್ಷದವರಿಗೇ ತೋರಿಸಿ. ಶಾಸ್ತ್ರಚರ್ಚೇಲಿ ಪೂರ್ವಪಕ್ಷನ ಎದುರಾಳಿಯೇ ತಲೆದೂಗೋ ಹಾಗೆ ಹೇಳ್ಬೇಕು ಅಂತ ನಿರೀಕ್ಷೆ ಇತ್ತಲ್ಲ, ಅನಟೋಲ್ ರಾಪೊಪೋರ್ಟ್ ಅನ್ನೋ ವಿದ್ವಾಂಸರು ಹೇಳಿದ್ದೂ ಅದೇ ಧಾಟಿಯದ್ದು, ಎದುರಿನವರಿಗೆ ಸಮಾಧಾನ ಆಗೋ ಹಾಗೆ ಅವರ ನಿಲುವನ್ನ ಮೊದಲು ನೀವು ಹೇಳಿ ಅಂತ. ಆದ್ರೆ ತೋರಿಸೋವಾಗ ಎರಡೇ ಪ್ರಶ್ನೆ ಕೇಳಿ, ಹೇಳದೇ ಇರೋದು ಏನಾದ್ರೂ ಸೇರಿದೆಯಾ, ಹೇಳಿದ್ದು ಏನಾದ್ರೂ ಬಿಟ್ಟಿದೆಯಾ. ಹೇಗಿದೆ ಅಂತ ಕೇಳ್ಬೇಡಿ, ಕೇಳಿದ್ರೆ ಹೊಸದಾಗಿ ವಾದ ಶುರು ಮಾಡ್ತಾರೆ.

ಆ ಅಂಗಡಿಯವರಿಗೂ ಕಳಿಸ್ದೆ. ಓದಿ ಫೋನ್ ಮಾಡಿದ್ರು, "ಎಂಟಲ್ಲ ಸ್ವಾಮಿ, ಎಂಟೂವರೆ ಅಂದಿದ್ದೆ." ಎಪ್ಪತ್ಮೂರನೇ ನಿಮಿಷದ ತುಣುಕು ಕಳಿಸಿ, ಕೇಳಿ ನೋಡಿ ಸಾರ್ ಅಂದೆ. ಸ್ವಲ್ಪ ಹೊತ್ತು ಆದ್ಮೇಲೆ ಅವರ ಕಡೆಯಿಂದ ಉತ್ತರ ಬಂತು, ಬರೀ "ಹೂಂ" ಅಂತ. ನಾನು ಮತ್ತೆ ಫೋನ್ ಮಾಡಿ, ಸಾರ್ ಇದು ಯಾವ ಹೂಂ ಅಂತ ಕೇಳ್ದೆ.