ಹಡಗು ಕೆಟ್ಟಿದ್ದು ನಿಜ, ಆದರೂ ಕೈಬಿಟ್ಟವರೇ ಸೋತರು

ಎಲ್ಲರಿಗೂ ನಮಸ್ಕಾರ. ಎದುರಿನವರು ಮಾತು ತಪ್ಪಿದರು ಅಂದ ತಕ್ಷಣ "ಹಾಗಾದರೆ ನಮ್ಮ ಒಪ್ಪಂದ ಇಲ್ಲಿಗೆ ಮುಗಿಯಿತು" ಅಂತ ಎದ್ದು ಹೋಗಬಹುದಾ? ಹಾಗೆ ಎದ್ದು ಹೋದವರ ಕಥೆಯನ್ನೇ ಮೊದಲು ಹೇಳುತ್ತೇನೆ.

1956ರ ಡಿಸೆಂಬರ್. ಸುಯೆಜ್ ಕಾಲುವೆ ಮುಚ್ಚಿತ್ತು, ಹಡಗುಗಳಿಗೆ ಭಾರೀ ಬೇಡಿಕೆ. ಕವಾಸಕಿ ಎಂಬ ಜಪಾನಿ ಹಡಗು ಕಂಪನಿ ಆಗ ಹಾಂಗ್‌ಕಾಂಗ್ ಫರ್ ಎಂಬ ಹಡಗನ್ನು 24 ತಿಂಗಳಿಗೆ ಬಾಡಿಗೆಗೆ ಹಿಡಿಯಿತು. ಮಾಮೂಲಿ ಸರಕು ಸಾಗಿಸಲು ಹಡಗು ಎಲ್ಲ ರೀತಿಯಲ್ಲೂ ಯೋಗ್ಯವಾಗಿರುತ್ತದೆ ಎಂದು ಮಾಲೀಕರು ಬರೆದುಕೊಟ್ಟರು. 1957ರ ಫೆಬ್ರವರಿ 13ರಂದು ಲಿವರ್‌ಪೂಲಿನಲ್ಲಿ ಹಡಗು ಬಾಡಿಗೆದಾರರ ಕೈಗೆ ಬಂತು. ಅಮೆರಿಕದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಕಲ್ಲಿದ್ದಲು ತುಂಬಿಸಿಕೊಂಡು ಜಪಾನಿನ ಒಸಾಕಾಕ್ಕೆ ಹೋಗಬೇಕಿತ್ತು.

ಇಂಜಿನ್ ಹಳೆಯದು. ಹಳೇ ಇಂಜಿನ್ನನ್ನು ಹೇಗೋ ಸಂಭಾಳಿಸಬಹುದು, ಆದರೆ ಸಂಭಾಳಿಸುವವರು ಬೇಕಲ್ವಾ? ಇಂಜಿನ್ ಕೋಣೆಯಲ್ಲಿ ಜನ ಸಾಲದು, ಇದ್ದವರಿಗೆ ಕೆಲಸ ಬಾರದು, ಮುಖ್ಯ ಇಂಜಿನಿಯರಿಗೋ ಕುಡಿತದ ಚಟ. ದಾರಿಯಲ್ಲಿ ರಿಪೇರಿಗೇ ಸುಮಾರು 5 ವಾರ ಹೋಯಿತು. ಮೇ ಕೊನೆಯಲ್ಲಿ ಒಸಾಕಾ ತಲುಪಿದ ಮೇಲೆ ಇನ್ನೂ ಸುಮಾರು 15 ವಾರದ ಕೆಲಸ ಬಾಕಿ ಇತ್ತು. ಹಡಗು ಸರಿಯಾಗಿ ಸಿದ್ಧವಾಗಿದ್ದು ಸೆಪ್ಟೆಂಬರ್ ಮಧ್ಯದಲ್ಲಿ.

ಅಷ್ಟರಲ್ಲಿ ಸುಯೆಜ್ ತೆರೆದಿತ್ತು, ದರ ಬಿದ್ದಿತ್ತು. ಇವರು ಹಿಡಿದಿದ್ದು ಟನ್ನಿಗೆ 47 ಶಿಲಿಂಗ್. ಜೂನ್ ಮಧ್ಯದಲ್ಲಿ ಮಾರುಕಟ್ಟೆ ದರ 24 ಶಿಲಿಂಗ್, ಆಗಸ್ಟಿನಲ್ಲಿ 13 ಶಿಲಿಂಗ್ ಚಿಲ್ಲರೆ. ಜೂನ್‌ನಲ್ಲೇ ಬಾಡಿಗೆದಾರರು "ಹಡಗು ಯೋಗ್ಯವಲ್ಲ, ಒಪ್ಪಂದ ರದ್ದು" ಎಂದು ಬರೆದುಬಿಟ್ಟರು. ಅವರಿಗೆ ನಿಜವಾಗಿ ಚುಚ್ಚುತ್ತಿದ್ದದ್ದು ಇಂಜಿನ್ನೋ ದರವೋ, ನೀವೇ ಊಹಿಸಿ.

ಕೋರ್ಟಿನಲ್ಲಿ ಅವರ ವಾದ ಸರಳವಾಗಿತ್ತು. ಇಂಗ್ಲಿಷ್ ಕಾನೂನಿನಲ್ಲಿ ಒಪ್ಪಂದದ ಮಾತುಗಳನ್ನು ಎರಡು ಜಾತಿ ಮಾಡುವ ಹಳೇ ರೂಢಿ ಇದೆ. ಒಪ್ಪಂದದ ಬುಡಕ್ಕೇ ಸೇರಿದ ಮಾತು ಕಂಡಿಷನ್. ಅದನ್ನು ಮುರಿದರೆ ಎದುರಿನವರು ಒಪ್ಪಂದ ಮುಗಿಸಿ ಹೊರಗೆ ಬರಬಹುದು, ನಷ್ಟಪರಿಹಾರವನ್ನೂ ಕೇಳಬಹುದು. ಪಕ್ಕದ ಮಾತು ವಾರಂಟಿ. ಅದು ಮುರಿದರೆ ನಷ್ಟ ತುಂಬಿಕೊಡಿ ಎನ್ನಬಹುದು ಅಷ್ಟೇ, ಒಪ್ಪಂದ ಮಾತ್ರ ಮುಂದುವರಿಯುತ್ತದೆ. ಅಂಗಡಿಯವನು ಮಿಕ್ಸಿ ಜೊತೆ ಕೊಡುವ ಎರಡು ವರ್ಷದ ವಾರಂಟಿ ಕಾರ್ಡನ್ನು ಇಲ್ಲಿ ತಲೆಯಿಂದ ತೆಗೆದುಹಾಕಿ, ಇದು ಬೇರೆ ಅರ್ಥ. ಸಮುದ್ರಕ್ಕಿಳಿಯುವ ಹಡಗಿಗೆ ಯೋಗ್ಯತೆಗಿಂತ ಬುಡದ ಮಾತು ಯಾವುದಿದೆ, ಹಾಗಾಗಿ ಅದು ಕಂಡಿಷನ್ನೇ ಎಂದರು ಬಾಡಿಗೆದಾರರು.

ಅಪೀಲು ಕೋರ್ಟು ಒಪ್ಪಲಿಲ್ಲ. ಮಾಲೀಕರು ಮಾತು ತಪ್ಪಿದ್ದು ನಿಜ ಎಂದೇನೋ ಹೇಳಿತು. ಆದರೆ ಯೋಗ್ಯತೆ ಎಂಬ ಮಾತು ಎಷ್ಟೊಂದು ರೀತಿಯಲ್ಲಿ ಮುರಿಯಬಹುದು ನೋಡಿ. ಮರದ ಹಲಗೆಗೆ ಒಂದು ಮೊಳೆ ಇಲ್ಲದಿದ್ದರೂ ಹಡಗು ಅಯೋಗ್ಯ, ತಳವೇ ಒಡೆದಿದ್ದರೂ ಅಯೋಗ್ಯ. ಮೊಳೆ ಇಲ್ಲ ಅಂತ ಎರಡು ವರ್ಷದ ಒಪ್ಪಂದ ಹರಿಯಲು ಬಿಡೋಕಾಗುತ್ತಾ? ಹಾಗಾಗಿ ಇಂಥ ಮಾತಿಗೆ ಮೊದಲೇ ಹೆಸರಿಡಬೇಡಿ, ಮುರಿದ ಮೇಲೆ ಆದ ಪರಿಣಾಮ ನೋಡಿ ಎಂದರು ನ್ಯಾಯಮೂರ್ತಿ ಡಿಪ್ಲಾಕ್. ಒಪ್ಪಂದದಿಂದ ಸಿಗಬೇಕಿದ್ದ ಪ್ರಯೋಜನ ಹೆಚ್ಚುಕಡಿಮೆ ಪೂರ್ತಿ ಕೈತಪ್ಪಿದ್ದರೆ ಮಾತ್ರ ಹೊರಗೆ ಬರುವ ಹಕ್ಕು. ಇಲ್ಲದಿದ್ದರೆ ಪರಿಹಾರ ಮಾತ್ರ. ಈ ಮೂರನೆಯ ಜಾತಿಗೆ ಇನ್ನಾಮಿನೇಟ್ ಟರ್ಮ್ ಅಂತಾರೆ. ಹೆಸರಿಲ್ಲದ್ದು ಅಂತಲೇ ಅದರ ಅರ್ಥ.

ಇಲ್ಲಿ ಲೆಕ್ಕ ಹೀಗೆ. ಹಾಳಾದದ್ದು ಸುಮಾರು 20 ವಾರ. ಹಡಗು ಸಿದ್ಧವಾದಾಗ ಇನ್ನೂ 17 ತಿಂಗಳು ಉಳಿದಿತ್ತು. ರಿಪೇರಿ ಸರಿಯಾಗಿಯೇ ನಡೆಯುತ್ತಿತ್ತು. ಪೂರ್ತಿ ಪ್ರಯೋಜನ ಕೈತಪ್ಪಿಲ್ಲ. ಅಂದಮೇಲೆ ಜೂನ್‌ನಲ್ಲಿ ಒಪ್ಪಂದ ಬಿಟ್ಟ ಬಾಡಿಗೆದಾರರೇ ಒಪ್ಪಂದ ಮುರಿದವರಾದರು! ಅಲ್ಲಿಯವರೆಗೆ ಪರಿಹಾರ ಕೇಳುವ ಜಾಗದಲ್ಲಿದ್ದವರು, ಆ ಒಂದು ಕಾಗದದಿಂದ ಪರಿಹಾರ ಕೊಡುವ ಜಾಗಕ್ಕೆ ಬಂದರು. ದರ ಬಿದ್ದಿದ್ದರಿಂದ ಆ ಪರಿಹಾರವೂ ದೊಡ್ಡದು.

ಹಾಗಾದರೆ ಯಾವಾಗಲೂ ಪರಿಣಾಮವನ್ನೇ ನೋಡಬೇಕಾ? ಇಲ್ಲ. 1981ರ ಬಂಗೆ ಮತ್ತು ಟ್ರೇಡಾಕ್ಸ್ ಪ್ರಕರಣದಲ್ಲಿ ಸೋಯಾ ಹಿಂಡಿ ಕೊಳ್ಳುವವರು, ಹಡಗು ಯಾವಾಗ ಬರುತ್ತದೆ ಅಂತ ಮಾರುವವರಿಗೆ ಕನಿಷ್ಠ 15 ದಿನ ಮುಂಚೆ ನೋಟಿಸು ಕೊಡಬೇಕಿತ್ತು. ಕೊಟ್ಟದ್ದು ತಡವಾಗಿ, ಆ ತಡವೂ ಐದು ದಿನಕ್ಕಿಂತ ಕಡಿಮೆ. ಆದರೂ ಆಗ ಇಂಗ್ಲೆಂಡಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದು ಕಂಡಿಷನ್ನೇ ಎಂದಿತು. ಇಂಥ ವ್ಯಾಪಾರದಲ್ಲಿ ಒಂದೇ ಸರಕು ಕೈಯಿಂದ ಕೈಗೆ ಸರಪಳಿಯಂತೆ ಮಾರಾಟವಾಗುತ್ತದೆ. ಒಬ್ಬರ ನೋಟಿಸು ಬರದೆ ಮುಂದಿನವರು ಕದಲುವಂತಿಲ್ಲ. ತಡದಿಂದ ಎಷ್ಟು ನಷ್ಟವಾಯಿತು ಅಂತ ವರ್ಷಗಳ ಮೇಲೆ ಕೋರ್ಟು ಹೇಳಿದರೆ ಅವರಿಗೆ ಪ್ರಯೋಜನವಿಲ್ಲ, ಅವತ್ತೇ ಗೊತ್ತಾಗಬೇಕು. ನನಗೆ ಈ ಎರಡು ತೀರ್ಪುಗಳಲ್ಲಿ ಜಗಳ ಕಾಣುವುದಿಲ್ಲ. ಗಡುವು ಮೀರುವುದು ಒಂದೇ ರೀತಿ, ಯೋಗ್ಯತೆ ಕೆಡುವುದು ನೂರು ರೀತಿ.

ಈಗ ನಮ್ಮ ಕಡೆ ಬರೋಣ. 1930ರ ನಮ್ಮ ಸರಕು ಮಾರಾಟ ಕಾಯ್ದೆ ಇಂಗ್ಲೆಂಡಿನ 1893ರ ಕಾಯ್ದೆಯ ಅಚ್ಚಿನಲ್ಲೇ ಬಂದದ್ದು. ಅದರ 12ನೇ ಕಲಮಿನಲ್ಲಿ ಇರುವುದು ಎರಡೇ ಹೆಸರು, ಕಂಡಿಷನ್ ಮತ್ತು ವಾರಂಟಿ. ಕಾಗದದಲ್ಲಿ ವಾರಂಟಿ ಅಂತ ಬರೆದಿದ್ದರೂ ಅದು ಕಂಡಿಷನ್ ಆಗಿರಬಹುದು ಎಂದೂ ಅದೇ ಕಲಮು ಹೇಳುತ್ತದೆ.

ಶಿವಮೊಗ್ಗದ ಒಬ್ಬ ವ್ಯಾಪಾರಿ ರಾಶಿ ಇಡಿ ಅಡಿಕೆ 100 ಕ್ವಿಂಟಲ್ ಬೇಕು ಅಂತ ಕೊಂಡರು ಅಂತಿಟ್ಟುಕೊಳ್ಳಿ. ಬಂದದ್ದು ಬೇರೆ ಬಗೆಯ ಅಡಿಕೆ. ಸರಕು ವಿವರಣೆಗೆ ಹೊಂದಬೇಕು ಎಂಬುದು 15ನೇ ಕಲಮಿನ ಪ್ರಕಾರ ಕಂಡಿಷನ್. ಚೀಲ ಬಿಚ್ಚಿ ನೋಡಿ, ಅಲ್ಲೇ "ಇದು ಬೇಡ" ಅಂದರೆ ಸರಕು ವಾಪಸ್ಸು, ಕೊಟ್ಟ ಹಣವೂ ವಾಪಸ್ಸು.

ಆದರೆ ಅವರು ಸುಮ್ನೆ ಇಳಿಸಿಕೊಂಡು, ಗೋದಾಮಿನಲ್ಲಿ ಬೇರೆ ರಾಶಿಗೆ ಬೆರೆಸಿ, ಎರಡು ತಿಂಗಳ ಮೇಲೆ ಫೋನ್ ಮಾಡಿದರೆ? ಭಾಗಭಾಗವಾಗಿ ಬೇರ್ಪಡಿಸಲಾಗದ ಒಪ್ಪಂದದಲ್ಲಿ ಸರಕನ್ನು ಒಪ್ಪಿಕೊಂಡುಬಿಟ್ಟರೆ, ಬೇರೆ ಮಾತಾಗಿಲ್ಲದಿದ್ದಲ್ಲಿ, 13ನೇ ಕಲಮು ಆ ಕಂಡಿಷನ್ನನ್ನೇ ವಾರಂಟಿಯ ಮಟ್ಟಕ್ಕೆ ಇಳಿಸುತ್ತದೆ. ಆಗ ಉಳಿಯುವುದು 59ನೇ ಕಲಮು: ಬೆಲೆಯಲ್ಲಿ ಕಡಿತ ಅಥವಾ ನಷ್ಟಪರಿಹಾರ. ಕೇಳಿದ ಅಡಿಕೆ ಕ್ವಿಂಟಲಿಗೆ 50,000, ಬಂದದ್ದಕ್ಕೆ 45,000 ಬಾಳುತ್ತದೆ ಅನ್ನಿ. ಆಗ ಸಿಗಬಹುದಾದದ್ದು ಸುಮಾರು 5 ಲಕ್ಷ. ಅಡಿಕೆ ಮಾತ್ರ ಅವರ ತಲೆಗೇ. ಮಾತಿನ ಜಾತಿ ಕಾಗದದಲ್ಲಿ ಹುಟ್ಟಿದರೂ ಗೋದಾಮಿನ ಬಾಗಿಲಲ್ಲಿ ಬದಲಾಗಬಹುದು ಅಂದ ಹಾಗಾಯಿತು.

ಒಪ್ಪಂದ ಬರೆಯುವವರಿಗೆ ಒಂದು ಮಾತು. "ಇದು ಕಂಡಿಷನ್" ಅಂತ ಬರೆದರೆ ಸಾಕು ಅಂದುಕೊಳ್ಳಬೇಡಿ. 1973ರಲ್ಲಿ ತೀರ್ಮಾನವಾದ ಶುಲರ್ ಮತ್ತು ವಿಕ್‌ಮನ್ ಪ್ರಕರಣದಲ್ಲಿ, ಏಜೆಂಟರು ಆರು ಕಾರ್ಖಾನೆಗಳಿಗೆ ವಾರಕ್ಕೊಮ್ಮೆ ಭೇಟಿ ಕೊಡುವುದು ಕಂಡಿಷನ್ ಅಂತ ಆ ಪದವನ್ನೇ ಬಳಸಿ ಬರೆದಿತ್ತು. ನಾಲ್ಕೂವರೆ ವರ್ಷದಲ್ಲಿ ಒಂದು ಭೇಟಿ ತಪ್ಪಿದರೂ ಒಪ್ಪಂದ ರದ್ದು ಅಂದರೆ ಅದು ವಿಪರೀತ, ಯಾರೂ ಹಾಗೆ ಅಂದುಕೊಂಡಿರಲಾರರು ಎಂದಿತು ಕೋರ್ಟು. ಆದ್ದರಿಂದ ಹೆಸರಿಗಿಂತ ಪರಿಣಾಮವನ್ನೇ ಬರೆಯಿರಿ: "ಜೂನ್ 10ರೊಳಗೆ ನೋಟಿಸು ಬರದಿದ್ದರೆ, ಎಷ್ಟೇ ಕಡಿಮೆ ತಡವಾದರೂ, ಮಾರುವವರು ಈ ಒಪ್ಪಂದವನ್ನು ರದ್ದು ಮಾಡಬಹುದು." ಹೀಗೆ ಬರೆದಿದ್ದರೆ ನ್ಯಾಯಾಧೀಶರು ಊಹಿಸಬೇಕಾದ್ದು ಜಾಸ್ತಿ ಉಳಿಯುವುದಿಲ್ಲ.