ಮೊದಲೇ ಜೋಡಿಸಿದ್ದ ಅಂಕಿಗಳು ಕೊಟ್ಟ ಪೆಟ್ಟು

ನಮಸ್ಕಾರ. ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಕ್ವಿಕ್‌ಸಾರ್ಟ್ ಅನ್ನು ಜಾವಾದಲ್ಲಿ ಮೊದಲ ಸಲ ಬರೆದಿದ್ದೆ. ಒಂದು ಲಕ್ಷ ಸಂಖ್ಯೆಗಳ ಇಂಟ್ ಅರೇ, ಎಲ್ಲಾ ಚೆಲ್ಲಾಪಿಲ್ಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಸಿಕೊಟ್ಟಿತು. ಸುಮ್ನೆ ನೋಡೋಣ ಅಂತ, ಜೋಡಿಸಿದ ಅರೇಯನ್ನೇ ಮತ್ತೆ ಅದಕ್ಕೆ ಕೊಟ್ಟೆ. ಮಾಡೋಕೆ ಕೆಲಸವೇ ಇಲ್ಲ, ಅಲ್ವಾ? ಪ್ರೋಗ್ರಾಂ ಸ್ಟ್ಯಾಕ್ ಓವರ್‌ಫ್ಲೋ ಎಂದು ಕೂಗಿ ಬಿದ್ದುಹೋಯಿತು.

ಯಾಕೆ ಅಂತ ಎಂಟೇ ಸಂಖ್ಯೆಗಳಲ್ಲಿ ನೋಡೋಣ. ಅರೇಯಲ್ಲಿ 1ರಿಂದ 8ರವರೆಗೆ ಸಾಲಾಗಿ ಇವೆ. ನಾನು ಕೊನೆಯ ಸಂಖ್ಯೆಯನ್ನೇ ಪಿವಟ್ ಮಾಡಿದ್ದೆ. ಪಿವಟ್‌ಗಿಂತ ಚಿಕ್ಕವು ಎಡಕ್ಕೆ, ಉಳಿದವು ಬಲಕ್ಕೆ, ಆಮೇಲೆ ಎರಡೂ ಕಡೆ ಮತ್ತೆ ಇದೇ ಕೆಲಸ. ಪಿವಟ್ 8 ಅಂದರೆ ಏಳು ಹೋಲಿಕೆ ಮಾಡಿದ ಮೇಲೆ ಏಳೂ ಎಡಕ್ಕೇ ಬಂದವು, ಬಲಗಡೆ ಖಾಲಿ. ಆಮೇಲೆ ಪಿವಟ್ 7, ಆರು ಹೋಲಿಕೆ. ಹೀಗೆ ಏಳು, ಆರು, ಐದು ಅಂತ ಒಂದರವರೆಗೆ ಕೂಡಿಸಿದರೆ 28. ಅರ್ಧಕ್ಕೆ ಒಡೆಯಬೇಕಾದ ಅರೇಯಿಂದ ಪ್ರತಿ ಸಲ ಒಂದೇ ಸಂಖ್ಯೆ ಉದುರುತ್ತದೆ. ಲಕ್ಷ ಸಂಖ್ಯೆ ಇದ್ದರೆ ಹೋಲಿಕೆಗಳು ಸುಮಾರು 500 ಕೋಟಿ. ಆದರೆ ನನ್ನ ಪ್ರೋಗ್ರಾಂ ಅಲ್ಲಿವರೆಗೆ ಹೋಗಲೇ ಇಲ್ಲ. ಫಂಕ್ಷನ್ ತನ್ನನ್ನೇ ಒಂದರೊಳಗೊಂದು ಕರೆಯುತ್ತಾ ಲಕ್ಷ ಮೆಟ್ಟಿಲು ಇಳಿಯಬೇಕಿತ್ತು. ನಡುವೆಯೇ ಸ್ಟ್ಯಾಕ್ ತುಂಬಿತು.

ಮರ್ಜ್‌ಸಾರ್ಟ್‌ಗೆ ಈ ತೊಂದರೆ ಇಲ್ಲ. ಅದು ಸಂಖ್ಯೆಗಳನ್ನು ನೋಡದೆ, ಜಾಗ ನೋಡಿ ನಡುವೆ ಕತ್ತರಿಸುತ್ತದೆ, ಆಮೇಲೆ ಎರಡು ತುಂಡುಗಳನ್ನು ಹೋಲಿಸುತ್ತಾ ಒಂದಾಗಿ ಜೋಡಿಸುತ್ತದೆ. ಲಕ್ಷಕ್ಕೂ 17 ಮೆಟ್ಟಿಲು ಸಾಕು. ನಮ್ಮ ಎಂಟರ ಅರೇಯಲ್ಲಿ ಕೊನೆಯ ಜೋಡಣೆ ನೋಡಿ: ಎಡಗಡೆ 1ರಿಂದ 4, ಬಲಗಡೆ 5ರಿಂದ 8. ನಾಲ್ಕು ಹೋಲಿಕೆಗೇ ಎಡಗಡೆ ಮುಗಿಯುತ್ತದೆ, ಬಲಗಡೆಯದನ್ನು ಹಾಗೇ ನಕಲು ಮಾಡಿದರಾಯಿತು. ಎಲ್ಲಾ ಹಂತ ಸೇರಿ 12. ಇನ್ನೊಂದು ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಜೋಡಿಸುವ ಮುಂಚೆ ಎಡಭಾಗದ ಕೊನೆಯದು ಬಲಭಾಗದ ಮೊದಲನೆಯದಕ್ಕಿಂತ ದೊಡ್ಡದಲ್ಲ ಅಂತ ಗೊತ್ತಾದರೆ ಜೋಡಣೆಯನ್ನೇ ಬಿಟ್ಟುಬಿಡಿ. ಆಗ ಬರೀ ಏಳು ಹೋಲಿಕೆ. ಮರ್ಜ್‌ಸಾರ್ಟ್‌ಗೆ ಬೇಕಾದ ಇನ್ನೊಂದು ಅರೇಯ ಜಾಗ ಮಾತ್ರ ತಪ್ಪಿದ್ದಲ್ಲ.

ಹಾಗಂತ ಕ್ವಿಕ್‌ಸಾರ್ಟ್ ಬಿಡಬೇಕಿಲ್ಲ. ಪೆನ್ಸಿಲ್ ಇದ್ದರೆ ಎರಡು ಸಾಲು ಬರೆದುಕೊಳ್ಳಿ. ಪಾರ್ಟಿಶನ್, ಅಂದರೆ ಎಡಕ್ಕೆ ಬಲಕ್ಕೆ ಹಂಚುವ ಕೆಲಸ, ಶುರುವಾಗುವ ಮುಂಚೆ ಹಾಕಬೇಕು. a ಅಂದರೆ ಅರೇ, lo ಮತ್ತು hi ಅಂದರೆ ಈಗ ಜೋಡಿಸುತ್ತಿರುವ ಭಾಗದ ಮೊದಲ ಮತ್ತು ಕೊನೆಯ ಜಾಗ:

```
int mid = lo + (hi - lo) / 2;
int t = a[mid]; a[mid] = a[hi]; a[hi] = t;
```

ನಡುವಿನ ಸಂಖ್ಯೆ ಕೊನೆಗೆ ಬಂದು ಅದೇ ಪಿವಟ್ ಆಗುತ್ತದೆ. ನಮ್ಮ ಅರೇಯಲ್ಲಿ ಮೊದಲ ಪಿವಟ್ 4. ಎಡಕ್ಕೆ ಮೂರು, ಬಲಕ್ಕೆ ನಾಲ್ಕು. ಒಟ್ಟು ಹೋಲಿಕೆ 28ರಿಂದ 13ಕ್ಕೆ ಇಳಿಯಿತು.

ಗೆದ್ದೆ ಅಂದುಕೊಂಡು ಎಂಟೂ ಮನೆಗೆ 5 ತುಂಬಿ ಓಡಿಸಿದೆ. ಅದೂ ಜೋಡಿಸಿದ ಅರೇಯೇ ತಾನೆ? ಪಿವಟ್ ಎಲ್ಲಿಂದ ತೆಗೆದರೂ 5. ಅದಕ್ಕಿಂತ ಚಿಕ್ಕದು ಒಂದೂ ಇಲ್ಲ, ಏಳೂ ಬಲಕ್ಕೇ ಹೋದವು. ಲೆಕ್ಕ ಮತ್ತೆ 28. ಮರ್ಜ್‌ಸಾರ್ಟ್ ಮಾತ್ರ ಅದೇ 12ಕ್ಕೆ ಮುಗಿಸಿತು.